ಓದಲು ಬರುವ ಚೀಟಿ

ವೈದ್ಯರ ಬರವಣಿಗೆಯನ್ನು ಕುರಿತು ನಗುವುದು ನಮ್ಮಲ್ಲಿ ಹಳೆಯ ವಾಡಿಕೆ. ನಾನೂ ನಕ್ಕಿದ್ದೇನೆ. ಆದರೆ ಮೂವತ್ತು ವರ್ಷ ಔಷಧದಂಗಡಿಯಲ್ಲಿ ನಿಂತು ಚೀಟಿಗಳನ್ನು ಓದಿದ ಮೇಲೆ ನನಗೆ ತೋರುವುದು ಇಷ್ಟು: ಓದಲು ಬಾರದ ಚೀಟಿಯಿಂದ ಅಷ್ಟೇನೂ ಅಪಾಯವಿಲ್ಲ. ಅದನ್ನು ಬೆಳಕಿಗೆ ಹಿಡಿದು, ತಿರುಗಿಸಿ ನೋಡಿ, ಸೋತು, ಕೊನೆಗೆ ಬರೆದವರನ್ನೇ ಕೇಳುತ್ತೇವೆ. ಹೆದರಬೇಕಾದದ್ದು ಸಲೀಸಾಗಿ ಓದಲು ಬರುವ ಚೀಟಿಗೆ. ವೈದ್ಯರು ಬರೆದದ್ದು ಒಂದು, ನಾವು ಓದಿದ್ದು ಮತ್ತೊಂದು. ನಡುವೆ ಸಂಶಯವೇ ಹುಟ್ಟುವುದಿಲ್ಲ.

1995ರಲ್ಲಿ ಅಮೆರಿಕದ ಟೆಕ್ಸಾಸ್ ಸಂಸ್ಥಾನದ ಒಡೆಸ್ಸಾ ಎಂಬ ಊರಿನಲ್ಲಿ ಹೀಗೆಯೇ ಆಯಿತು. ನಲವತ್ತೆರಡು ವರ್ಷದ ಒಬ್ಬ ಹೃದ್ರೋಗಿಗೆ ಎದೆನೋವಿಗೆಂದು ವೈದ್ಯರು ಐಸಾರ್ಡಿಲ್ ಬರೆದುಕೊಟ್ಟರು: 20 ಮಿಲಿಗ್ರಾಂ, ಆರು ಗಂಟೆಗೊಮ್ಮೆ. ಅಂಗಡಿಯಲ್ಲಿ ಅದನ್ನು ಪ್ಲೆಂಡಿಲ್ ಎಂದು ಓದಿದರು. ಅದು ರಕ್ತದೊತ್ತಡದ ಔಷಧ. ಎರಡು ಹೆಸರಿಗೂ ಬಾಲ ಒಂದೇ. ಅವಸರದ ಕೈಯಲ್ಲಿ ತಲೆಯೂ ಒಂದರಂತೆ ಕಂಡಿತು. ಪ್ಲೆಂಡಿಲ್ ದಿನಕ್ಕೊಮ್ಮೆ ಕೊಡುವ ಔಷಧ. ಇಡೀ ದಿನಕ್ಕೆ 10 ಮಿಲಿಗ್ರಾಂ ಮೀರಬಾರದು. ರೋಗಿಗೆ ಹೇಳಿದ ಲೆಕ್ಕದಲ್ಲಿ ದಿನಕ್ಕೆ 80 ಆಯಿತು. ಒಂದು ದಿನ ಸೇವಿಸುವಷ್ಟರಲ್ಲಿ ಆತನಿಗೆ ಹೃದಯಾಘಾತವಾಯಿತು. ಕೆಲವು ದಿನಗಳಲ್ಲಿ ತೀರಿಕೊಂಡ. 1999ರಲ್ಲಿ ನ್ಯಾಯಾಲಯದ ಜ್ಯೂರಿಯವರು ತಪ್ಪನ್ನು ಬರೆದ ವೈದ್ಯರಿಗೂ ಕೊಟ್ಟ ಅಂಗಡಿಗೂ ಸಮವಾಗಿ ಹಂಚಿದರು.

ಸಮವಾಗಿ ಹಂಚಿದ್ದು ನ್ಯಾಯವೆಂದೇ ನನ್ನ ಭಾವನೆ. ಹೆಸರು ಮೋಸ ಮಾಡಿತು, ನಿಜ. ಆದರೆ ಹೆಸರಿನ ಪಕ್ಕದಲ್ಲಿದ್ದ ಅಂಕಿ ನಿಜವನ್ನೇ ಹೇಳುತ್ತಿತ್ತು. ಪ್ಲೆಂಡಿಲನ್ನು ಆರು ಗಂಟೆಗೊಮ್ಮೆ ಯಾರೂ ಕೊಡುವುದಿಲ್ಲ. ಹಾಗಿದ್ದ ಮೇಲೆ ಇದು ಪ್ಲೆಂಡಿಲ್ ಆಗಿರಲಾರದು ಎಂದು ಕೈ ತಡೆಯಬೇಕಿತ್ತು. ಚೀಟಿಯಲ್ಲಿ ಹೆಸರು, ಪ್ರಮಾಣ, ವೇಳೆ, ಎಷ್ಟು ದಿನ ಎಂಬವು ಒಂದಕ್ಕೊಂದು ಸಾಕ್ಷಿಗಳು. ಒಂದು ಸಾಕ್ಷಿ ಬೇರೆ ಮಾತಾಡಿದರೆ ಅಲ್ಲಿಗೆ ನಿಲ್ಲಬೇಕು.

ಈಗ ನಾನು ಅಂಗಡಿಗೆ ಹೋಗುವುದಿಲ್ಲ. ಆದರೂ ಚೀಟಿಗಳು ನನ್ನನ್ನು ಬಿಟ್ಟಿಲ್ಲ. ನಮ್ಮ ಬೀದಿಯ ಹಿರಿಯರಲ್ಲಿ ಇಂಗ್ಲಿಷ್ ಬಾರದವರಿಗೆ ಅವರ ಚೀಟಿಯನ್ನು ಕನ್ನಡದಲ್ಲಿ ನಕಲು ಮಾಡಿಕೊಡುವ ಕೆಲಸ ತಾನಾಗಿ ನನ್ನ ಪಾಲಿಗೆ ಬಂದಿದೆ. ಎದುರುಮನೆಯ ಅಜ್ಜಿಗೆ ಸಂಧಿವಾತ. ಬೆರಳುಗಳ ಗಿಣ್ಣು ಊದಿಕೊಂಡು ಬೆಳಗಿನ ಹೊತ್ತು ಲೋಟ ಹಿಡಿಯಲಾರರು. ಅವರ ಸೊಸೆ ಹೊಸ ಚೀಟಿ ತಂದುಕೊಟ್ಟಳು. ಮೊದಲ ಸಾಲು ಸ್ಪಷ್ಟವಾಗಿತ್ತು: ಮೆಥೊಟ್ರೆಕ್ಸೇಟ್, 2.5 ಮಿಲಿಗ್ರಾಂ ಮಾತ್ರೆ, ಮೂರು. ಅದರ ಮುಂದೆ ಎರಡು ಅಕ್ಷರ. ಮೊದಲನೆಯದು 'ಓ'. ಎರಡನೆಯದರ ಮೇಲೆ ಅಂಗಡಿಯವರು ಮೊಹರು ಒತ್ತಿದ್ದರು. ಮಾತ್ರೆಯ ಕವರಿನ ಮೇಲೆ ಅಂಗಡಿಯ ಹುಡುಗ 'ದಿನಕ್ಕೊಮ್ಮೆ 3' ಎಂದು ಬರೆದಿದ್ದ. 'ಓ.ಡಿ.' ಎಂದರೆ ದಿನಕ್ಕೊಮ್ಮೆ. ದಿನಾ ನೂರು ಸಲ ನೋಡುವ ಅಕ್ಷರ. ಕಣ್ಣು ಅದನ್ನೇ ಕಂಡಿತು. ಆದರೆ ಅವಸರದಲ್ಲಿ 'ಓ.ಡಬ್ಲ್ಯು.' ಎಂದು ಬರೆಯುವವರೂ ಇದ್ದಾರೆ. ಅದರ ಅರ್ಥ ವಾರಕ್ಕೊಮ್ಮೆ.

ಮೊಹರಿನ ಕೆಳಗೆ ಏನಿತ್ತೆಂದು ನನಗೂ ಕಾಣಲಿಲ್ಲ. ಉಳಿದ ಸಾಕ್ಷಿಗಳನ್ನು ವಿಚಾರಿಸಿದೆ. ಸಂಧಿವಾತಕ್ಕೆ ಮೆಥೊಟ್ರೆಕ್ಸೇಟ್ ಕೊಡುವುದು ವಾರಕ್ಕೊಮ್ಮೆ ಮಾತ್ರ. ಇದು ಮೊದಲನೆಯದು. ಸಾಲಿನ ಕೊನೆಯಲ್ಲಿ ಒಟ್ಟು ಮಾತ್ರೆ 12 ಎಂದಿತ್ತು. ಚೀಟಿಯ ಬುಡದಲ್ಲಿ, ನಾಲ್ಕು ವಾರದ ಮೇಲೆ ಬಂದು ತೋರಿಸಿ ಎಂದಿತ್ತು. ದಿನಕ್ಕೆ ಮೂರರಂತೆ ಹನ್ನೆರಡು ಮಾತ್ರೆ ನಾಲ್ಕೇ ದಿನಕ್ಕೆ ಮುಗಿಯುತ್ತದೆ. ಇಪ್ಪತ್ತೆಂಟು ದಿನಕ್ಕೆ 84 ಬೇಕು. ವಾರಕ್ಕೆ ಮೂರರಂತೆ ನಾಲ್ಕು ವಾರಕ್ಕೆ ಸರಿಯಾಗಿ 12. ಮಗ್ಗಿ ಬಲ್ಲ ಹುಡುಗನೂ ಮಾಡಬಹುದಾದ ಲೆಕ್ಕ. ಇಷ್ಟಾದರೂ ನನ್ನ ಲೆಕ್ಕ ವೈದ್ಯರ ಮಾತಾಗುವುದಿಲ್ಲವಲ್ಲ! ಸೊಸೆಯಿಂದ ವೈದ್ಯರಿಗೆ ಫೋನು ಮಾಡಿಸಿದೆ. "ವಾರಕ್ಕೊಮ್ಮೆ ಕಣಮ್ಮ, ಭಾನುವಾರ" ಎಂದರು. ಪುಣ್ಯಕ್ಕೆ ಅಜ್ಜಿ ಇನ್ನೂ ಒಂದು ಮಾತ್ರೆಯನ್ನೂ ನುಂಗಿರಲಿಲ್ಲ.

ನುಂಗಿದ್ದರೆ ಏನಾಗುತ್ತಿತ್ತು? ಈ ಔಷಧ ಜೀವಕೋಶಗಳು ಬೆಳೆದು ಹೆಚ್ಚುವುದನ್ನು ತಡೆಯುತ್ತದೆ. ದೊಡ್ಡ ಪ್ರಮಾಣದಲ್ಲಿ ಇದೇ ಔಷಧವನ್ನು ಕೆಲವು ಕ್ಯಾನ್ಸರುಗಳಿಗೂ ಕೊಡುತ್ತಾರೆ. ವಾರಕ್ಕೊಮ್ಮೆ ತೆಗೆದುಕೊಂಡರೆ ದೇಹಕ್ಕೆ ಚೇತರಿಸಿಕೊಳ್ಳಲು ಬಿಡುವು ಸಿಕ್ಕುತ್ತದೆ. ದಿನವೂ ತೆಗೆದುಕೊಂಡರೆ ಆ ಬಿಡುವಿಲ್ಲ. ಬೇಗ ಬೇಗ ಹೊಸದಾಗುವ ಭಾಗಗಳಿಗೆ ಮೊದಲು ಪೆಟ್ಟು ಬೀಳುತ್ತದೆ. ಬಾಯಿಯ ಒಳಪೊರೆ ಹುಣ್ಣಾಗುತ್ತದೆ. ಮೂಳೆಯ ಮಜ್ಜೆ ರಕ್ತಕಣಗಳನ್ನು ಮಾಡುವುದು ಕುಗ್ಗುತ್ತದೆ. ಆಮೇಲೆ ಜ್ವರ, ರಕ್ತಸ್ರಾವ, ಕೆಲವರಿಗೆ ಸಾವು. ಮೆಥೊಟ್ರೆಕ್ಸೇಟ್ ತೆಗೆದುಕೊಳ್ಳುವವರ ಬಾಯಲ್ಲಿ ಹುಣ್ಣೆದ್ದರೆ ಉಷ್ಣವೆಂದು ಮಜ್ಜಿಗೆ ಕುಡಿಸಿ ಕೂರಬಾರದು. ಹೇಗೆ ತೆಗೆದುಕೊಳ್ಳುತ್ತಿದ್ದಾರೆಂದು ಕೇಳಿ ಅಂದೇ ವೈದ್ಯರಿಗೆ ತೋರಿಸಬೇಕು. ಇದಕ್ಕೆ ಪ್ರತ್ಯೌಷಧವಿದೆ, ಬೇಗ ಕೊಟ್ಟಷ್ಟೂ ಗುಣ ಹೆಚ್ಚು.

ನಕಲು ಬರೆಯಲು ಕುಳಿತಾಗ ಅಜ್ಜಿಯೇ ಇನ್ನೊಂದು ಅಪಾಯವನ್ನು ತೋರಿಸಿಕೊಟ್ಟರು. "ಅಲ್ಲ ರಾಯರೇ, ನೋವು ದಿನಾ ಇದೆ, ಮಾತ್ರೆ ವಾರಕ್ಕೊಂದು ಸಲವೆ?" ಎಂದರು. ಪ್ರಶ್ನೆ ಸಹಜವಾದದ್ದೇ. ಕಾರಣ ತಿಳಿಯದಿದ್ದರೆ ನೋವು ಹೆಚ್ಚಾದ ದಿನ ಕೈ ತಾನಾಗಿ ಡಬ್ಬಿಗೆ ಹೋಗುತ್ತದೆ. ಆದ್ದರಿಂದ 'ವಾರಕ್ಕೊಮ್ಮೆ' ಎಂದಷ್ಟೇ ಬರೆದರೆ ಸಾಲದು. ನಾನು ಬರೆದದ್ದು ಹೀಗೆ: "ಮೆಥೊಟ್ರೆಕ್ಸೇಟ್. ಕೀಲಿನ ಊತಕ್ಕೆ. ಭಾನುವಾರ ಮಾತ್ರ, ಮೂರು ಮಾತ್ರೆ ಒಟ್ಟಿಗೆ. ಬೇರೆ ದಿನ ನೋವಿದ್ದರೂ ಇದು ಬೇಡ."

ಕನ್ನಡದಲ್ಲಿ ನಕಲು ಮಾಡುವವರಿಗೆ ನಮ್ಮದೇ ಆದ ಒಂದು ತೊಡಕೂ ಉಂಟು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು ಎಂಬುದನ್ನು ವೈದ್ಯರು 1-0-1 ಎಂದು ಬರೆಯುತ್ತಾರೆ. ಅಭಿಮಾನದಿಂದ ಕನ್ನಡ ಅಂಕಿಯಲ್ಲಿ ೧-೦-೧ ಎಂದು ಬರೆದೆವೋ, ಕೆಟ್ಟಿತು! ನಮ್ಮ ಒಂದಕ್ಕೂ ಸೊನ್ನೆಗೂ ನಡುವೆ ಇರುವುದು ಒಂದು ಸಣ್ಣ ಬಾಯಿ. ಪೆನ್ನು ಸ್ವಲ್ಪ ಮುಂದೆ ಸರಿದರೆ ಒಂದು ಸೊನ್ನೆಯಾಗುತ್ತದೆ. ೬ ಮತ್ತು ೯ ಕೂಡ ಹೀಗೆಯೇ. ಅದಕ್ಕೇ ನಾನು ಅಂಕಿಯ ಜೊತೆಗೆ ಮಾತಿನಲ್ಲಿಯೂ ಬರೆಯುತ್ತೇನೆ: ಬೆಳಿಗ್ಗೆ ಒಂದು, ರಾತ್ರಿ ಒಂದು. ಅರ್ಧವನ್ನು ಅರ್ಧವೆಂದೇ ಬರೆಯುತ್ತೇನೆ. 7.5 ಮಿಲಿಗ್ರಾಮಿನ ನಡುವಣ ಚುಕ್ಕೆ ಮಡಿಕೆಯಲ್ಲಿ ಅಳಿಸಿಹೋದರೆ 75 ಆಗುತ್ತದೆ. ಪಕ್ಕದಲ್ಲಿ 'ಏಳೂವರೆ' ಎಂದಿದ್ದರೆ ಅದು ಅಳಿಸುವುದಿಲ್ಲ.

ಔಷಧದ ಮೂಲನಾಮವನ್ನು ಸ್ಪಷ್ಟವಾಗಿ, ಆದಷ್ಟೂ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಆಗಿನ ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲಿ ನಿಯಮ ಮಾಡಿತು. ಈಚೆಗೆ ಅಚ್ಚಾದ ಚೀಟಿಗಳೂ ಬರುತ್ತವೆ. ಹೆಸರಿನ ಗೊಂದಲ ಇವುಗಳಿಂದ ಕಡಮೆಯಾಗುತ್ತದೆ. ಆದರೆ ಅಜ್ಜಿಯ ಚೀಟಿಯಲ್ಲಿ ಹೆಸರು ಚೆನ್ನಾಗಿಯೇ ಇತ್ತು, ಕೆಟ್ಟದ್ದು ವೇಳೆ. ನನ್ನ ಹನ್ನೆರಡು ಮಾತ್ರೆಯ ಲೆಕ್ಕಕ್ಕೂ ಮಿತಿಯಿದೆ. ವೈದ್ಯರು ಒಟ್ಟು ಸಂಖ್ಯೆ ಬರೆಯದಿದ್ದರೆ, ಅಂಗಡಿಯವರು ಪೂರ್ತಿ ಪಟ್ಟಿಗಳನ್ನೇ ಕೊಟ್ಟರೆ, ಆ ಸಾಕ್ಷಿ ಮೂಕವಾಗುತ್ತದೆ. ಆಗ ಉಳಿಯುವುದು ಕೇಳುವುದೊಂದೇ. ವೈದ್ಯರ ಮುಂದಿನಿಂದ ಏಳುವ ಮೊದಲೇ, "ಇದು ಯಾತಕ್ಕೆ, ದಿನಾ ಒಂದು ಸಲವೋ ವಾರಕ್ಕೆ ಒಂದು ಸಲವೋ?" ಎಂದು ಕೇಳಿದರೆ ಅರ್ಧ ನಿಮಿಷದ ಕೆಲಸ.

ನಕಲು ಮುಗಿದ ಮೇಲೆ ನಾನು ಅದನ್ನು ಓದುವುದಿಲ್ಲ. ನನ್ನ ಕಣ್ಣು ನಾನು ಬರೆಯಬೇಕೆಂದುಕೊಂಡದ್ದನ್ನೇ ಓದುತ್ತದೆ. ಸೊಸೆ ನಕಲನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ಚೀಟಿಯನ್ನೂ ಮಾತ್ರೆಯ ಪಟ್ಟಿಯನ್ನೂ ಹಿಡಿದು ನೋಡುತ್ತೇನೆ. ಆಮೇಲೆ ನಕಲಿನ ಹಿಂದೆ ಅಸಲು ಚೀಟಿಯನ್ನು ಪಿನ್ನು ಚುಚ್ಚಿ ಕೊಡುತ್ತೇನೆ. ಮುಂದಿನ ಸಲ ವೈದ್ಯರಾಗಲಿ ಅಂಗಡಿಯವರಾಗಲಿ ನೋಡಬೇಕಾದದ್ದು ಅದನ್ನು, ನನ್ನ ಕೈಬರಹವನ್ನಲ್ಲ.