ದುಃಖವನ್ನು ನಗುವಿನ ಹಿಂದೆ ಅಡಗಿಸಿದ ಅಪ್ಪ

ರಾಮನಗರ, ಮಾಗಡಿ, ಕನಕಪುರದ ಹಳ್ಳಿಗಳಿಂದ ಬೆಂಗಳೂರು ಸೇರಿದ ಹುಡುಗರಿಗೆ ಕಾರಂತರ 'ಬೆಟ್ಟದ ಜೀವ'ವನ್ನು ಓದಿಸಬೇಕು ಅಂತ ನನಗೆ ತುಂಬ ಆಸೆ. 1943ರ ಕಾದಂಬರಿ. ಕಥೆ ನಡೆಯುವುದು ಸುಬ್ರಹ್ಮಣ್ಯದ ಕಾಡಂಚಿನಲ್ಲಿ. ಆದರೂ ಅದರ ಗೋಪಾಲಯ್ಯ ನಮ್ಮೂರ ಅಪ್ಪಂದಿರ ಹಾಗೆಯೇ.

ಒಬ್ಬನೇ ಮಗ ಶಂಭು ಮನೆ ಬಿಟ್ಟು ಹೋಗಿದ್ದಾನೆ. ತಾಯಿ ಶಂಕರಮ್ಮನ ದುಃಖ ಮುಚ್ಚಿಡಲಾಗದ್ದು. ಗೋಪಾಲಯ್ಯನದು ನಗುವಿನ ಹಿಂದೆ ಅಡಗಿದ್ದು. ಹೆಂಡತಿಯನ್ನು ರೇಗಿಸುತ್ತಾನೆ, ತೋಟದ ಮಾತಾಡುತ್ತಾನೆ. ದಾರಿ ತಪ್ಪಿ ಬಂದ ಅಪರಿಚಿತ ತರುಣನಿಗೆ ಬಿಸಿನೀರ ಸ್ನಾನ ಮಾಡಿಸಿ, ಬಡಿಸಿ, ಇನ್ನೊಂದು ದಿನ ಇರು ಎಂದು ಹಿಡಿದು ನಿಲ್ಲಿಸುತ್ತಾನೆ. ಆ ಉಪಚಾರದಲ್ಲಿ ಅರ್ಧ ಪಾಲು ಶಂಭುವಿಗೆ ಸಲ್ಲಬೇಕಾದದ್ದು ಅಂತ ಓದುಗನಿಗೆ ನಿಧಾನವಾಗಿ ಹೊಳೆಯುತ್ತದೆ. ಮಗನಂತೆ ನೋಡಿಕೊಂಡ ನಾರಾಯಣನೂ ಎಲ್ಲಿ ಬಿಟ್ಟು ಹೋಗುತ್ತಾನೋ ಎಂಬ ಅಳುಕು ಮುದುಕನಿಗೆ. ನಾರಾಯಣನನ್ನು ಉಳಿಸಿಕೊಳ್ಳಲು ಗೋಪಾಲಯ್ಯನ ಬಳಿ ಇರುವುದು ಪ್ರೀತಿಯ ಮಾತಲ್ಲ, ಕಾಡು ಕಡಿದು ಎಬ್ಬಿಸಿದ ತೋಟ.

ಕಾರಂತರು ತಂದೆ ಮಗನನ್ನು ಎದುರುಬದುರು ಕೂರಿಸಿ ಕಣ್ಣೀರು ಹಾಕಿಸಲಿಲ್ಲ. ಇಡೀ ಕಾದಂಬರಿಯಲ್ಲಿ ಶಂಭು ಮನೆಗೆ ಬರುವುದೇ ಇಲ್ಲ. ನನ್ನ ಮಟ್ಟಿಗೆ ಅದೇ ಈ ಪುಸ್ತಕದ ದೊಡ್ಡ ಧೈರ್ಯ.

ನಮ್ಮ ಕಡೆಯ ಅಪ್ಪನೂ ಭಾನುವಾರ ಬಂದ ಮಗನನ್ನು "ಉಂಡೇನ್ಲಾ?" ಅಂತ ಕೇಳಿ ರೇಷ್ಮೆಗೂಡಿನ ರೇಟಿನ ಮಾತಿಗೆ ಹೊರಳುತ್ತಾನೆ. ಹೊರಡುವಾಗ ರಾಗಿಹಿಟ್ಟಿನ ಚೀಲವನ್ನು ಬಸ್‌ಸ್ಟ್ಯಾಂಡ್‌ವರೆಗೆ ತಾನೇ ಹೊರುತ್ತಾನೆ.

ಪುಸ್ತಕ ಚಿಕ್ಕದು, ಈ ವಾರವೇ ಓದಿ. ಓದಿದ ಮೇಲೆ ಅಪ್ಪನಿಗೊಂದು ಫೋನ್ ಮಾಡಿ.