‘ಸಖತ್ತಾಗಿರ್ಲಿ’ ಅಂದ್ರೆ ಏನು?

ಊರಲ್ಲಿ ನಮ್ಮ ದೊಡ್ಡಪ್ಪನ ಮಗ ಗಾಣ ಇಟ್ಕೊಂಡು ಕಡಲೆಕಾಯಿ ಎಣ್ಣೆ ಮಾರ್ತಾನೆ. ಗಿರಾಕಿಗಳೆಲ್ಲ ಮೈಸೂರಿನವರು, ಪ್ರತಿ ಶನಿವಾರ ಅವನೇ ಹೋಗಿ ಮನೆಮನೆಗೆ ಕೊಟ್ಟು ಬರ್ತಾನೆ. ಹೋದ ವರ್ಷ ಇನ್‌ಸ್ಟಾಗ್ರಾಂ ಜಾಹೀರಾತಿಗೆ ಅಂತ 15,000 ರೂಪಾಯಿ ತೆಗೆದಿಟ್ಟ. ವಿಡಿಯೋ ಎಡಿಟರ್‌ಗೆ 40 ಕ್ಲಿಪ್ಪು ಕಳಿಸಿ, ಜೊತೆಗೆ ಬರೆದದ್ದು ಒಂದೇ ಸಾಲು: “ಸಖತ್ತಾಗಿರ್ಲಿ ಗುರು, ಗಾಣದ ಬಗ್ಗೆ ಎಲ್ಲಾ ಬರ್ಲಿ.”

ಎಡಿಟರ್ ಪಾಪ ಎಲ್ಲವನ್ನೂ ತುಂಬಿಸಿದ. ಒಂದೂವರೆ ನಿಮಿಷದ ಅಡ್ಡ ವಿಡಿಯೋ, ಮೊದಲ 10 ಸೆಕೆಂಡು ಸೂರ್ಯೋದಯ. ನಮ್ಮಣ್ಣ “ಏನೋ ಮಿಸ್ಸಿಂಗ್” ಅಂದ. ಏನು ಅಂತ ಹೇಳದಿದ್ದರೆ ಎಡಿಟರ್ ಊಹೆ ಮಾಡಬೇಕು ತಾನೆ? ಮ್ಯೂಸಿಕ್ ಬದಲಾಯ್ತು, ಬಣ್ಣ ಬದಲಾಯ್ತು, ಮೂರು ಸಲ ತಿದ್ದೋದರಲ್ಲೇ 6,000 ಖಾಲಿ. ಉಳಿದ 9,000ಕ್ಕೆ ಬಂದ ಮೆಸೇಜುಗಳು ಬಹುತೇಕ “ಹುಬ್ಬಳ್ಳಿಗೆ ಕಳಿಸ್ತೀರಾ?”, “ಇಷ್ಟೊಂದು ರೇಟಾ?” ಅನ್ನೋವೇ.

ಎರಡನೇ ಸಲ ಇಬ್ಬರೂ ಜಗಲಿ ಮೇಲೆ ಕೂತು ಒಂದು ಪುಟ ಬರೆದೆವು. ಯಾರಿಗೆ? ಮೈಸೂರಲ್ಲಿ ಪ್ಯಾಕೆಟ್ ಎಣ್ಣೆ ತರೋ ಮನೆಯವರಿಗೆ. ಅವರ ಅನುಮಾನ ಏನು? ಗಾಣದ ಎಣ್ಣೆಗೆ ಯಾಕಿಷ್ಟು ಬೆಲೆ ಅಂತ. ಹಾಗಾದ್ರೆ ವಿಡಿಯೋ ಹೇಳಬೇಕಾದ್ದು ಒಂದೇ ಮಾತು: ಒಂದು ಲೀಟರಿಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಮೊದಲ 3 ಸೆಕೆಂಡಲ್ಲೇ ಬೀಜದ ರಾಶಿ, ಪಕ್ಕದಲ್ಲಿ ಒಂದು ಬಾಟಲಿ ಕಾಣಬೇಕು. ಅದಕ್ಕೆ ಯಾವ ಕ್ಲಿಪ್ಪು ಅಂತ ನಂಬರ್ ಸಮೇತ ಬರೆದೆವು. ಕೊನೆಯಲ್ಲಿ “ಮೈಸೂರಿಗೆ ಮಾತ್ರ, ಶನಿವಾರ ಡೆಲಿವರಿ, ನಿಮ್ಮ ಬಡಾವಣೆ ಹೆಸರು ವಾಟ್ಸಾಪ್ ಮಾಡಿ.”

ಆಮೇಲೆ ಅಳತೆ. 25 ಸೆಕೆಂಡು, ಫೋನಿಗೆ ತಕ್ಕ ಹಾಗೆ ಉದ್ದುದ್ದ, 1080×1920. ಅಡ್ಡ ವಿಡಿಯೋ ರೀಲ್ಸಲ್ಲಿ ನಡುವೆ ಸಣ್ಣ ಪಟ್ಟಿಯಾಗಿ ಕಾಣುತ್ತೆ, ಅಕ್ಷರ ಓದೋಕೆ ಆಗಲ್ಲ. ಸೌಂಡ್ ಇಲ್ಲದೆ ನೋಡೋರಿಗೆ ಮಾತೆಲ್ಲ ಅಕ್ಷರದಲ್ಲೂ ಇರಬೇಕು, ಆದರೆ ತೀರಾ ಕೆಳಗೆ ಬೇಡ. ಅಲ್ಲಿ ಅಕೌಂಟ್ ಹೆಸರು, ಬಟನ್ನು ಬಂದು ಮುಚ್ಚಿಬಿಡುತ್ತೆ. ಬೇಡದ್ದನ್ನೂ ಬರೆದೆವು: ಬಿಪಿ, ಶುಗರ್ ಕಡಿಮೆ ಆಗುತ್ತೆ ಅನ್ನೋ ಮಾತು ಬೇಡ. ತಿದ್ದುಪಡಿ ಎರಡೇ ಸಲ, ಓಕೆ ಅನ್ನೋದು ಒಬ್ಬನೇ.

ಫಾಂಟ್ ಯಾವುದು, ಎಲ್ಲಿ ಕಟ್ ಮಾಡಬೇಕು ಅಂತ ಬರೆಯಲಿಲ್ಲ. ಅದು ಎಡಿಟರ್ ಕಸುಬು, ದುಡ್ಡು ಕೊಡೋದೇ ಅದಕ್ಕೆ.

ಈ ಸಲದ ಮೆಸೇಜುಗಳು ಬೇರೆ ಥರ ಇದ್ದವು: “ಕುವೆಂಪುನಗರ, ಎರಡು ಲೀಟರ್.” ಮೊದಲಿನಷ್ಟು ರಾಶಿ ಬರಲಿಲ್ಲ, ಆದರೆ ಬಂದವರು ಕೊಳ್ಳೋರು.

ನಿಮ್ಮ ಸೂಚನೆ ಸರಿಯಿದೆಯಾ ಅಂತ ತಿಳಿಯೋಕೆ ಅದನ್ನ ಇಬ್ಬರಿಗೆ ಓದಿಸಿ, ವಿಡಿಯೋದ ಮೊದಲ ದೃಶ್ಯ ಏನಿರುತ್ತೆ ಅಂತ ಕೇಳಿ. ಒಬ್ಬರು ಸೂರ್ಯೋದಯ, ಇನ್ನೊಬ್ಬರು ಬಾಟಲಿ ಅಂದ್ರೆ ಇನ್ನೂ ಕಳಿಸಬೇಡಿ. ಕಾಗದದ ಮೇಲೆ ತಿದ್ದೋಕೆ ಕಾಸು ಖರ್ಚಾಗಲ್ಲ.