ಹತ್ತು ಸಾವಿರದ ಪವರ್ ಬ್ಯಾಂಕು ಕೊಡುವುದು ಆರು ಸಾವಿರ ಚಿಲ್ಲರೆ

ನಮ್ಮ ಮಲೆನಾಡಿನಲ್ಲಿ ಜುಲೈ ಬಂತೆಂದರೆ ಕರೆಂಟಿನ ಲೆಕ್ಕವೇ ಬೇರೆ. ಲೈನಿನ ಮೇಲೆ ಮರ ಬಿದ್ದರೆ ಒಂದು ದಿನ, ಕಂಬವೇ ಮುರಿದರೆ ಮೂರು ದಿನ. ಕಳೆದ ಮಳೆಗಾಲಕ್ಕೆ ಮುಂಚೆ ನಮ್ಮ ಅತ್ತಿಗೆ ಪೇಟೆಯಿಂದ ಒಂದು ಪವರ್ ಬ್ಯಾಂಕ್ ತಂದರು. ಅವರು ಆಶಾ ಕಾರ್ಯಕರ್ತೆ. ದಿನ ತುಂಬಿದ ಬಸುರಿಯರ ಮನೆಯಿಂದ ರಾತ್ರಿ ಎಷ್ಟು ಹೊತ್ತಿಗೆ ಫೋನ್ ಬರುತ್ತದೋ ಹೇಳಲಾಗದು. ಆಂಬುಲೆನ್ಸಿಗೆ ಹೇಳುವುದೂ ಅದೇ ಫೋನಿನಿಂದ. ಹಾಗಾಗಿ ಫೋನ್ ಸತ್ತರೆ ಅವರಿಗೆ ಅದು ಬರೀ ಬೇಸರದ ವಿಷಯವಲ್ಲ.

ಅವರ ಲೆಕ್ಕ ಸರಳವಾಗಿತ್ತು. ಪವರ್ ಬ್ಯಾಂಕ್ ಮೇಲೆ 10,000 ಎಂಎಎಚ್ ಎಂದಿದೆ, ಫೋನಿನ ಬ್ಯಾಟರಿ 5,000. ಅಂದರೆ ಎರಡು ಫುಲ್ ಚಾರ್ಜ್. ಆದರೆ ಕರೆಂಟ್ ಹೋದಾಗ ಆದದ್ದು ಒಂದು ಫುಲ್, ಎರಡನೆಯದು ಅರ್ಧಕ್ಕೂ ಸರಿಯಾಗಿ ಬರಲಿಲ್ಲ. ಮಳೆ ಬಿಟ್ಟ ಮೇಲೆ, "ಬಾ ಅಂಗಡಿಗೆ, ನೀನು ಜರ್ನಲಿಸಂ ಓದಿದವನು, ಅವನನ್ನು ನೀನೇ ಕೇಳು" ಎಂದು ಹೊರಟು ನಿಂತರು. ಅಂಗಡಿಯವನಿಗೆ ಮೋಸಗಾರ ಎಂದು ಹೇಳುವ ಮುಂಚೆ ಒಮ್ಮೆ ಅಳೆದು ನೋಡೋಣ ಅತ್ತಿಗೆ ಎಂದೆ. ಚಾರ್ಜರಿಗೂ ಫೋನಿಗೂ ನಡುವೆ ಸಿಕ್ಕಿಸುವ ಪುಟ್ಟ ಯುಎಸ್‌ಬಿ ಮೀಟರು ನನ್ನ ಗೆಳೆಯನ ರಿಪೇರಿ ಅಂಗಡಿಯಲ್ಲಿತ್ತು, ಕೆಲವು ನೂರು ರೂಪಾಯಿಯ ಸಾಮಾನು. ಎಷ್ಟು ವೋಲ್ಟ್, ಎಷ್ಟು ಕರೆಂಟ್, ಒಟ್ಟು ಎಷ್ಟು ಹರಿಯಿತು ಎಂಬುದನ್ನೆಲ್ಲ ತೋರಿಸುತ್ತದೆ.

ಪವರ್ ಬ್ಯಾಂಕನ್ನು ನಾಲ್ಕೂ ದೀಪ ಹತ್ತುವ ತನಕ ತುಂಬಿಸಿ, ಮೊದಲು ಅತ್ತಿಗೆಯ ಫೋನಿಗೆ, ಆಮೇಲೆ ನನ್ನ ಫೋನಿಗೆ ಹಾಕಿ, ಅದು ತಾನಾಗಿಯೇ ಆಫ್ ಆಗುವವರೆಗೆ ಬಿಟ್ಟೆವು. ಮೀಟರು ತೋರಿಸಿದ್ದು 6,410 ಎಂಎಎಚ್. ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು. "ನೋಡಿದೆಯಾ!" ಎಂದರು ಅತ್ತಿಗೆ. ನಾನು ನೋಡಿದ್ದು ಅದರ ಕೆಳಗಿನ ಇನ್ನೊಂದು ಅಂಕಿಯನ್ನು: 32.3 ವ್ಯಾಟ್‌ಅವರ್.

ಈ ಎರಡನೆಯ ಅಂಕಿಯಲ್ಲಿದೆ ವಿಷಯ. ತೋಟಕ್ಕೆ ನೀರು ಎತ್ತುವವರಿಗೆ ಇದು ಬೇಗ ತಿಳಿಯುತ್ತದೆ. ಎಂಎಎಚ್ ಎಂದರೆ ನೀರಿನ ಪ್ರಮಾಣ ಎಂದಿಟ್ಟುಕೊಳ್ಳಿ, ವೋಲ್ಟ್ ಎಂದರೆ ಎತ್ತರ. ಅದೇ ಐದು ಎಚ್‌ಪಿ ಮೋಟಾರು, ತಗ್ಗಿನ ತೋಟಕ್ಕಾದರೆ ಪೈಪಿನ ತುಂಬ ನೀರು ಕೊಡುತ್ತದೆ, ಗುಡ್ಡದ ಮೇಲಿನ ಟ್ಯಾಂಕಿಗೆ ಹತ್ತಿಸಿದರೆ ಕಡಿಮೆ ಕೊಡುತ್ತದೆ. ಮೋಟಾರು ಕೆಟ್ಟಿಲ್ಲ, ಮಾಡುವ ಕೆಲಸವೂ ಕಡಿಮೆಯಾಗಿಲ್ಲ. ಎತ್ತರ ಹೆಚ್ಚಾದಾಗ ನೀರು ಇಳಿಯಿತು, ಅಷ್ಟೇ.

ಪವರ್ ಬ್ಯಾಂಕಿನ ಒಳಗಿರುವ ಲಿಥಿಯಂ ಸೆಲ್‌ನ ಎತ್ತರ ಸುಮಾರು 3.7 ವೋಲ್ಟ್. ತುಂಬಿದಾಗ 4.2, ಖಾಲಿಯಾಗುವಾಗ 3ರ ಹತ್ತಿರ. ಡಬ್ಬಿಯ ಮೇಲಿನ 10,000 ಈ 3.7ರ ಎತ್ತರದಲ್ಲಿ ಅಳೆದದ್ದು. ಎರಡನ್ನೂ ಗುಣಿಸಿದರೆ 37 ವ್ಯಾಟ್‌ಅವರ್. ಒಳಗಿರುವ ನಿಜವಾದ ಸರಕು ಇದೇ. ಆದರೆ ಯುಎಸ್‌ಬಿ ಕಿಂಡಿಯಿಂದ ಹೊರಬರುವುದು 5 ವೋಲ್ಟಿನಲ್ಲಿ. 37ನ್ನು 5ರಿಂದ ಭಾಗಿಸಿ: 7,400 ಎಂಎಎಚ್. ಒಂದು ಹನಿಯೂ ಸೋರದಿದ್ದರೂ ಹತ್ತು ಸಾವಿರದಿಂದ ಏಳೂವರೆ ಸಾವಿರ ಕೂಡ ಹೊರಬರುವುದಿಲ್ಲ. ಇದು ನಷ್ಟವಲ್ಲ, ಅಳತೆ ಬದಲಾದದ್ದು. ಹೀಗಿದ್ದೂ ದೊಡ್ಡ ಅಂಕಿಯನ್ನೇ ದಪ್ಪಕ್ಷರದಲ್ಲಿ ಹಾಕುವುದು ಕಂಪನಿಗಳ ಜಾಣತನ. ಅದು ಸುಳ್ಳೂ ಅಲ್ಲ, ಪೂರ್ತಿ ನೇರವೂ ಅಲ್ಲ.

ಉಳಿದದ್ದು ನಿಜವಾದ ನಷ್ಟ, ವೋಲ್ಟೇಜ್ ಎತ್ತುವ ಕೂಲಿ. ಒಳಗೆ ಒಂದು ತಂತಿಯ ಸುರುಳಿ, ಅದರ ಜೊತೆಗೆ ಎಲೆಕ್ಟ್ರಾನಿಕ್ ಸ್ವಿಚ್ಚು ಇರುತ್ತದೆ. ಪೈಪಿನಲ್ಲಿ ಜೋರಾಗಿ ಹರಿಯುವ ನೀರಿನ ವಾಲ್ವನ್ನು ಫಕ್ಕನೆ ಮುಚ್ಚಿದರೆ ಪೈಪು ಒದೆಯುತ್ತದಲ್ಲ, ಆ ಕ್ಷಣ ಒತ್ತಡ ಏರುತ್ತದಲ್ಲ, ಇಲ್ಲೂ ಹಾಗೆಯೇ. ಸ್ವಿಚ್ ಹಾಕಿದಾಗ ಸುರುಳಿಯಲ್ಲಿ ಕರೆಂಟ್ ಹರಿದು ರಭಸ ಪಡೆಯುತ್ತದೆ, ತೆಗೆದಾಗ ಆ ರಭಸ ಹೆಚ್ಚಿನ ವೋಲ್ಟೇಜಾಗಿ ಆಚೆ ನೂಕುತ್ತದೆ. ಸೆಕೆಂಡಿಗೆ ಲಕ್ಷಗಟ್ಟಲೆ ಸಲ ಹೀಗೆ ಒದ್ದು ಒದ್ದು 5 ವೋಲ್ಟನ್ನು ಹಿಡಿದು ನಿಲ್ಲಿಸುತ್ತದೆ. ಪ್ರತಿ ಒದೆತದಲ್ಲೂ ಸ್ವಿಚ್ಚು, ಸುರುಳಿ ಎರಡೂ ಸ್ವಲ್ಪ ಸ್ವಲ್ಪ ತಿನ್ನುತ್ತವೆ. ಚಾರ್ಜ್ ಮಾಡುವಾಗ ಪವರ್ ಬ್ಯಾಂಕ್ ಕೈಗೆ ಬೆಚ್ಚಗೆ ತಾಗುವುದು ಇದರಿಂದಲೇ. ಅತ್ತಿಗೆಯ ಪವರ್ ಬ್ಯಾಂಕಿನಲ್ಲಿ 37 ಇತ್ತು, 32.3 ಹೊರಬಂತು, ಅಂದರೆ ನೂರಕ್ಕೆ ಎಂಬತ್ತೇಳು. ಇಂಥ ಸಾಮಾನಿಗೆ ಎಂಬತ್ತೈದರಿಂದ ತೊಂಬತ್ತು ಬಂದರೆ ಒಳ್ಳೆಯದೇ.

ತಮಾಷೆ ಏನೆಂದರೆ, ಇಷ್ಟು ಕಷ್ಟಪಟ್ಟು 5ಕ್ಕೆ ಹತ್ತಿಸಿದ್ದನ್ನು ಫೋನು ಮತ್ತೆ 4ರ ಆಸುಪಾಸಿಗೆ ಇಳಿಸಿಕೊಳ್ಳುತ್ತದೆ, ಏಕೆಂದರೆ ಅದರೊಳಗೂ ಅದೇ ಜಾತಿಯ ಬ್ಯಾಟರಿ. ಗುಡ್ಡ ಹತ್ತಿಸಿ ಆಚೆ ಬದಿಗೆ ಇಳಿಸಿದ ಹಾಗೆ. ಇಳಿಸುವಾಗಲೂ, ಕೇಬಲಿನಲ್ಲೂ ಇನ್ನಷ್ಟು ಶಾಖವಾಗಿ ಹೋಗುತ್ತದೆ. ಅತ್ತಿಗೆಯ ಫೋನಿನ ಬ್ಯಾಟರಿ 19 ವ್ಯಾಟ್‌ಅವರ್ ಚಿಲ್ಲರೆ, ಅದನ್ನು ಖಾಲಿಯಿಂದ ತುಂಬಿಸಲು 22ಕ್ಕೂ ಮೇಲೆ ಬೇಕಾಗುತ್ತದೆ. 32ರಲ್ಲಿ 22 ಎಷ್ಟು ಸಲ? ಒಂದೂವರೆಗೆ ಸ್ವಲ್ಪ ಕಡಿಮೆ. ಮಳೆಯಲ್ಲಿ ಅವರಿಗೆ ಸಿಕ್ಕಿದ್ದೂ ಅಷ್ಟೇ.

ಪವರ್ ಬ್ಯಾಂಕಿನ ಹಿಂಬದಿಗೆ ಟಾರ್ಚ್ ಹಿಡಿದು ನೋಡಿದೆವು. ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ 'ರೇಟೆಡ್ ಕೆಪ್ಯಾಸಿಟಿ' ಎಂದು ಬರೆದು ಮುಂದೆ 6,200 ಎಂದಿತ್ತು, ಪಕ್ಕದಲ್ಲಿ 5 ವೋಲ್ಟ್ ಎಂದೂ ಇತ್ತು. ಕೊಳ್ಳುವಾಗ ಓದಬೇಕಾದ್ದು ಈ ಸಾಲು. ವೇಗದ ಚಾರ್ಜಿಂಗಿನಲ್ಲಿ ಕೆಲವು ಪವರ್ ಬ್ಯಾಂಕುಗಳು 9 ವೋಲ್ಟಿನಲ್ಲಿ ಕೊಡುತ್ತವೆ. ಆಗ ಮೀಟರಿನ ಎಂಎಎಚ್ ಮೂರೂವರೆ ಸಾವಿರದ ಹತ್ತಿರ ನಿಲ್ಲಬಹುದು. ಗಾಬರಿ ಬೇಡ, ವ್ಯಾಟ್‌ಅವರ್ ನೋಡಿ.

ಮೀಟರು ಇಲ್ಲದವರು ಹೀಗೆ ಮಾಡಬಹುದು. ಫೋನು ಆಫ್ ಮಾಡಿ ಅಥವಾ ಏರೋಪ್ಲೇನ್ ಮೋಡಿಗೆ ಹಾಕಿ, ಚಾರ್ಜಿಗೆ ಮುಂಚೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಬರೆದಿಡಿ. ಪವರ್ ಬ್ಯಾಂಕ್ ಖಾಲಿಯಾಗುವವರೆಗೆ ಏರಿದ್ದನ್ನೆಲ್ಲ ಕೂಡಿಸಿ. 5,000ದ ಫೋನಿಗೆ ಹೊಸ 10,000ದ ಪವರ್ ಬ್ಯಾಂಕು ಒಟ್ಟು ನೂರಾ ಮೂವತ್ತರಿಂದ ನೂರೈವತ್ತು ಪರ್ಸೆಂಟ್ ಏರಿಸಿದರೆ ಅದು ಸರಿಯಾದ ಮಾಲು. ಎರಡು ಮೂರು ವರ್ಷ ಬಳಸಿದ್ದು ಇನ್ನೂ ಕಡಿಮೆ ಕೊಡುವುದು ಸಹಜ. ಹೊಸದೇ ನೂರಕ್ಕೂ ಏರಿಸದಿದ್ದರೆ ಆಗ ಅಂಗಡಿಗೆ ಹೋಗಿ, ಜಗಳ ಮಾಡಿ.

ಅತ್ತಿಗೆ ಅಂಗಡಿಗೆ ಹೋಗಲಿಲ್ಲ. ಈಗ ಮಳೆಗಾಲದಲ್ಲಿ ಫೋನನ್ನು ನೂರಕ್ಕೆ ಏರಿಸುವುದಿಲ್ಲ, ರಾತ್ರಿ ಅರವತ್ತರಷ್ಟು ಮಾಡಿ ಪವರ್ ಬ್ಯಾಂಕ್ ಕಳಚಿ, ಮಿಕ್ಕಿದ್ದನ್ನು ಮಾರನೆಯ ದಿನಕ್ಕೆ ಇಡುತ್ತಾರೆ. ನಿಜವಾದ ಮೋಸ ಸಿಕ್ಕಿದ್ದು ಪಕ್ಕದ ಮನೆಯಲ್ಲಿ. ಜಾತ್ರೆಯಲ್ಲಿ ಕೊಂಡ, 20,000 ಎಂದು ಬರೆದಿದ್ದ ಪವರ್ ಬ್ಯಾಂಕು ಹೂವಿನಷ್ಟು ಹಗುರ. ದಿನಸಿ ಅಂಗಡಿಯ ತಕ್ಕಡಿಯಲ್ಲಿಟ್ಟರೆ 130 ಗ್ರಾಂ. ಹೆಬ್ಬೆರಳು ಗಾತ್ರದ ಒಂದು ಲಿಥಿಯಂ ಸೆಲ್ಲೇ ನಲವತ್ತೈದು ಗ್ರಾಂ ಮೇಲೆ ತೂಗುತ್ತದೆ, ಅದರಲ್ಲಿ ಹಿಡಿಯುವುದು ಹೆಚ್ಚೆಂದರೆ ಮೂರೂವರೆ ಸಾವಿರ. 20,000 ಆಗಬೇಕಾದರೆ ಬರೀ ಸೆಲ್ಲುಗಳೇ ಕಾಲು ಕೆಜಿ ದಾಟಬೇಕು. ಮೀಟರು ಹಾಕುವ ಅಗತ್ಯವೇ ಬೀಳಲಿಲ್ಲ.